ಆ ನಾಲ್ಕು ಎಂಟಲ್ಲ

ಸೆಪ್ಟೆಂಬರ್ ಮೊದಲ ವಾರ ನಮ್ಮ ಹಾಸ್ಟೆಲ್‌ನ ಸಿ ಬ್ಲಾಕ್‌ನಲ್ಲಿ ರೂಮ್ ಚೆಕಿಂಗ್ ಆಯ್ತು. ಹೀಟರ್ ಕಾಯಿಲ್, ಇಂಡಕ್ಷನ್ ಸ್ಟೌವ್ ಇದ್ದರೆ ಎತ್ತಿಕೊಂಡು ಹೋಗೋಕೆ. ನಲವತ್ತು ರೂಮು ಜಾಲಾಡಿದ ಮೇಲೆ ಸಿಕ್ಕಿದ್ದು ಎರಡು ಕೆಟಲ್. ಆದರೂ ಬ್ಲಾಕ್‌ನವರಿಗೆ ತಲೆಗೆ 350 ರೂಪಾಯಿ ಹೆಚ್ಚುವರಿ ಕರೆಂಟ್ ಬಿಲ್ ಅಂತ ನೋಟಿಸ್ ಅಂಟಿಸಿದರು. ಕಾರಣ, ಆ ಬ್ಲಾಕ್ ಒಂದೇ ವಾರದಲ್ಲಿ 4415 ಯೂನಿಟ್ ಸುಟ್ಟಿದೆ ಅಂತ ಒಂದು ಟೇಬಲ್ ಹೇಳುತ್ತಿತ್ತು.

ಆ ಟೇಬಲ್ ಮಾಡಿದ್ದು ನಾವೇ. ಅದರಲ್ಲಿ ತಪ್ಪು ಬರೆದಿದ್ದೂ ನಾವೇ. ಹಾಗಾಗಿ ಈ ಬರಹವನ್ನು ಅರ್ಧ ತಪ್ಪೊಪ್ಪಿಗೆ, ಅರ್ಧ ವಾದ ಅಂತ ಓದಿಕೊಳ್ಳಿ. ನಮ್ಮ ವಾದ ಇಷ್ಟೇ: ಮೀಟರ್ ರೀಡಿಂಗ್ ಟೇಬಲ್‌ನಲ್ಲಿ ಅಸಾಧ್ಯವಾದ ಸಂಖ್ಯೆ ಕಂಡರೆ ಅದನ್ನು ತಿದ್ದಬಾರದು, ಅಳಿಸಬಾರದು, ಒಳಗೆ ಬಿಡದೆ ತಡೆಯಲೂಬಾರದು. ಹಾಗೇ ಇಟ್ಟು ಪಕ್ಕದಲ್ಲಿ ಗುರುತು ಹಾಕಿ ಫೋಟೋಗೆ ವಾಪಸ್ ಹೋಗಬೇಕು.

ನಮ್ಮಲ್ಲಿ ಕೆಲಸ ನಡೆಯೋದು ಹೀಗೆ. ಪ್ರತಿ ಸೋಮವಾರ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಪ್ರತಿ ಬ್ಲಾಕ್‌ನ ಸಬ್‌ಮೀಟರ್ ನೋಡಿ, ಒಂದು ಚೀಟಿಯಲ್ಲಿ ತಾರೀಕು ಮತ್ತು ರೀಡಿಂಗ್ ಬರೆದು, ಚೀಟಿಯನ್ನು ಮೀಟರ್ ಪಕ್ಕ ಹಿಡಿದು ಫೋಟೋ ತೆಗೆದು ವಾಟ್ಸಾಪ್ ಮಾಡ್ತಾರೆ. ಹಾಸ್ಟೆಲ್ ಸಮಿತಿ ಪರವಾಗಿ ನಾವು ನಾಲ್ಕು ಜನ ಅದನ್ನು ಶೀಟ್‌ಗೆ ಏರಿಸುತ್ತೇವೆ. ತಿಂಗಳ ಬಿಲ್ ಹಂಚೋದು ಆ ಶೀಟ್ ನೋಡಿಯೇ. ಸಿ ಬ್ಲಾಕ್‌ನ ಸಾಲುಗಳು ಹೀಗಿದ್ದವು:

| ತಾರೀಕು | ರೀಡಿಂಗ್ | ಯೂನಿಟ್ |
|---|---|---|
| 2025-08-04 | 22822 | |
| 2025-08-11 | 23249 | 427 |
| 2025-08-18 | 23667 | 418 |
| 2025-08-25 | 24097 | 430 |
| 2025-09-01 | 28512 | 4415 |
| 2025-09-08 | 24937 | −3575 |

ಕೊನೆಯ ಸಾಲು ಬಂದಾಗಲೇ ನಮಗೆ ಎಚ್ಚರ ಆಗಿದ್ದು. ಮೀಟರ್ ಹಿಂದಕ್ಕೆ ಓಡಲ್ಲ. ಅಷ್ಟರಲ್ಲಿ ಚೆಕಿಂಗ್ ಮುಗಿದಿತ್ತು, ನೋಟಿಸೂ ಅಂಟಿತ್ತು.

ಆದರೆ ನಿಜ ಹೇಳಬೇಕಂದ್ರೆ ಅದರ ಹಿಂದಿನ ಸಾಲಿನಲ್ಲೇ ನಾವು ನಿಲ್ಲಬೇಕಿತ್ತು. ಸಿ ಬ್ಲಾಕ್‌ಗೆ ಹೋಗುವ ಲೈನ್ ತ್ರೀ ಫೇಸ್, ಅದರ ಎಂಸಿಬಿ 32 ಆಂಪಿಯರ್‌ನದು. ಮೂರು ಫೇಸ್, ತಲಾ 230 ವೋಲ್ಟ್, 32 ಆಂಪಿಯರ್ ಅಂದರೆ ಹೆಚ್ಚೆಂದರೆ 22 ಕಿಲೋವ್ಯಾಟ್. ಬ್ಲಾಕ್‌ನವರು ಹಗಲು ರಾತ್ರಿ ಎಲ್ಲವನ್ನೂ ಪೂರ್ತಿ ಹಾಕಿಟ್ಟರೂ ದಿನಕ್ಕೆ 530 ಯೂನಿಟ್, ವಾರಕ್ಕೆ ಸುಮಾರು 3710. ಎಂಸಿಬಿ ತಕ್ಷಣ ಬೀಳಲ್ಲ, ಸ್ವಲ್ಪ ಹೆಚ್ಚು ತಡೆದುಕೊಳ್ಳುತ್ತೆ ಅಂತ ಹತ್ತು ಪರ್ಸೆಂಟ್ ಸೇರಿಸಿದರೂ 4081 ದಾಟಲ್ಲ. 4415 ಯೂನಿಟ್ ಆ ವೈರಿನಲ್ಲಿ ಹರಿಯೋಕೇ ಸಾಧ್ಯವಿರಲಿಲ್ಲ. ಸೆಕೆಂಡ್ ಸೆಮ್‌ನಲ್ಲಿ ಬೇಸಿಕ್ ಎಲೆಕ್ಟ್ರಿಕಲ್ ಪಾಸಾದ ನಾವು ನಾಲ್ಕೂ ಜನ ಈ ಗುಣಾಕಾರ ಮಾಡದೆ "ಯಾರೋ ಹೀಟರ್ ಹಾಕಿರಬೇಕು" ಅಂದುಕೊಂಡೆವು.

ಇಲ್ಲಿ ಎರಡು ಮಾತುಗಳನ್ನು ಬೇರೆ ಇಡಬೇಕು. ಒಂದು ವಾರ 700 ಯೂನಿಟ್ ಬಂದರೆ ಅದು ವಿಚಿತ್ರ, ಅಷ್ಟೆ. ಪರೀಕ್ಷೆ ಇರಬಹುದು, ಸೆಕೆ ಇರಬಹುದು, ನಿಜಕ್ಕೂ ಹೀಟರ್ ಇರಬಹುದು. 4415 ವಿಚಿತ್ರ ಅಲ್ಲ, ಅಸಾಧ್ಯ. ವಿಚಿತ್ರ ಕಂಡರೆ ಬ್ಲಾಕ್‌ನವರನ್ನು ಕೇಳಬಹುದು. ಅಸಾಧ್ಯ ಕಂಡರೆ ಕೇಳಬೇಕಾದದ್ದು ಟೇಬಲ್ ಬರೆದವರನ್ನು.

ಈಗ ಆ ತಪ್ಪು ಎಲ್ಲಿತ್ತು ಅಂತ ಹುಡುಕಿದ್ದು ಹೇಗೆ ಅನ್ನೋದು. 4415 ಮತ್ತು −3575 ಕೂಡಿಸಿದರೆ 840. ಎರಡು ವಾರಕ್ಕೆ 840 ಅಂದರೆ ವಾರಕ್ಕೆ 420. ಇದು ಎಂದಿನ ಬಳಕೆಯೇ! ಒಂದು ರೀಡಿಂಗ್ ತಪ್ಪಾದರೆ ಯಾವಾಗಲೂ ಎರಡು ವ್ಯತ್ಯಾಸಗಳು ಕೆಡುತ್ತವೆ. ಒಂದು ಎಷ್ಟು ಮೇಲೆ ಹೋಗುತ್ತೋ ಮುಂದಿನದು ಅಷ್ಟೇ ಕೆಳಗೆ ಬೀಳುತ್ತೆ, ಎರಡರ ಮೊತ್ತ ಮಾತ್ರ ಸರಿಯಾಗಿಯೇ ಇರುತ್ತೆ. ನಿಜಕ್ಕೂ ಬಳಕೆ ಏರಿದ್ದರೆ ಹೀಗೆ ಮುಂದಿನ ವಾರ ಸಾಲ ತೀರಿಸಿದ ಹಾಗೆ ಇಳಿಯಲ್ಲ. ಆದ್ದರಿಂದ ತಪ್ಪಿರೋದು ಸೆಪ್ಟೆಂಬರ್ 1ರ ಒಂದೇ ಸಂಖ್ಯೆಯಲ್ಲಿ. ಎಷ್ಟು ತಪ್ಪು? 4415ರಲ್ಲಿ 420 ಕಳೆದರೆ 3995, ಅಂದರೆ ಹತ್ತಿರ ಹತ್ತಿರ 4000. ಸಾವಿರದ ಸ್ಥಾನದ ಅಂಕಿ ನಾಲ್ಕರಷ್ಟು ಹೆಚ್ಚಾಗಿದೆ. ನಾವು ಬರೆದಿದ್ದು 8. ಇರಬೇಕಾದದ್ದು 4.

ಫೋಟೋ ತೆರೆದು ದೊಡ್ಡದು ಮಾಡಿ ನೋಡಿದೆವು. ಆ ವಾರ ಎಲೆಕ್ಟ್ರಿಷಿಯನ್ ರಜೆ, ರೀಡಿಂಗ್ ತೆಗೆದದ್ದು ಪಂಪ್ ಆಪರೇಟರ್ ಅಣ್ಣ. ಅವರು ಚೀಟಿಯಲ್ಲಿ ಬರೆದ ಬೇರೆ ಅಂಕಿಗಳೆಲ್ಲ ಇಂಗ್ಲಿಷ್‌ನವು. ನಾಲ್ಕು ಮಾತ್ರ ಕನ್ನಡದ್ದು: ೪. ತಲೆ ತೆರೆದಿರುವ ಆ ಗಂಟನ್ನು ಬಾಲ್‌ಪೆನ್ನಲ್ಲಿ ಬೇಗ ಬರೆದರೆ, ಫೋಟೋ ಸ್ವಲ್ಪ ಮಸುಕಾದರೆ, ಮೇಲಿನ ಎರಡು ತುದಿಗಳೂ ಕೂಡಿಕೊಂಡು 8 ಆಗಿಬಿಡುತ್ತೆ. ಮೀಟರ್‌ನ ಗಾಜಿನ ಮೇಲೆ ಫ್ಲಾಶ್ ಬಿದ್ದಿದ್ದರಿಂದ ನಾವು ಮೀಟರ್ ಮುಖ ನೋಡಿಯೇ ಇರಲಿಲ್ಲ. ಬ್ರೈಟ್‌ನೆಸ್ ಇಳಿಸಿದಾಗ ಒಳಗಿನ ಚಕ್ರಗಳಲ್ಲಿ 24512 ಮಂಕಾಗಿ ಕಂಡಿತು.

ಅಣ್ಣನ ಹತ್ತಿರ ಹೋಗಿ ತೋರಿಸಿದೆವು. ಅಷ್ಟರಲ್ಲಿ ಗ್ರೂಪಿನಲ್ಲಿ "ಅವ್ರು ಮೀಟರ್ ನೋಡದೇನೇ ಬರ್ದಿರ್ತಾರೆ" ಅಂತ ಒಬ್ಬಿಬ್ಬರು ಬರೆದೂ ಆಗಿತ್ತು. ಅವರು ಚೀಟಿ ನೋಡಿ ನಕ್ಕರು: "ಏನ್ರಪ್ಪಾ, ಕನ್ನಡ ಸಂಘದೋರಿಗೆ ಕನ್ನಡದ ನಾಲ್ಕು ಗೊತ್ತಾಗಲ್ವಾ?" ಉತ್ತರ ನಮ್ಮ ಹತ್ತಿರ ಇರಲಿಲ್ಲ. ವಾರ್ಡನ್ ಸರ್‌ಗೆ ಲೆಕ್ಕ ತೋರಿಸಿದ ಮೇಲೆ ನೋಟಿಸ್ ತೆಗೆದರು. ಯೂನಿಟ್‌ಗೆ 7 ರೂಪಾಯಿ ಲೆಕ್ಕದಲ್ಲಿ 28,000 ರೂಪಾಯಿ, ಎಂಬತ್ತು ಹುಡುಗರ ಜೇಬಿನಿಂದ, ಒಂದು ಗಂಟು ಕೂಡಿಕೊಂಡಿದ್ದಕ್ಕೆ.

ಈಗ ವಾದಕ್ಕೆ ಬರೋಣ. ಫೋಟೋ ತೆರೆಯುವ ಮೊದಲು ನಮ್ಮಲ್ಲೊಬ್ಬ ಹಿಂದಿನ ಮತ್ತು ಮುಂದಿನ ರೀಡಿಂಗ್‌ಗಳ ಸರಾಸರಿ ತೆಗೆದು 28512 ಅಳಿಸಿ 24517 ಅಂತ ಬರೆದಿದ್ದ. ಟೇಬಲ್ ಕ್ಷಣದಲ್ಲಿ ಸ್ವಚ್ಛವಾಯ್ತು. ಸರಿಯಾದ ಸಂಖ್ಯೆಗಿಂತ 5 ಯೂನಿಟ್ ಮಾತ್ರ ವ್ಯತ್ಯಾಸ! "ಬಿಲ್ ಸರಿ ಹೋಯ್ತಲ್ಲ, ಇನ್ನೇನು?" ಅಂತ ಅವನ ಪ್ರಶ್ನೆ. ಬಿಲ್ ಏನೋ ಸರಿ ಹೋಯ್ತು. ಆದರೆ 24517 ಅನ್ನೋದನ್ನು ಯಾರೂ ಯಾವ ಮೀಟರಿನಲ್ಲೂ ಓದಿಲ್ಲ. ಆರು ತಿಂಗಳ ನಂತರ ಟೇಬಲ್ ನೋಡುವವರಿಗೆ ಅದು ಓದಿದ್ದೋ ಊಹಿಸಿದ್ದೋ ಗೊತ್ತಾಗಲ್ಲ. ಇನ್ನೂ ಮುಖ್ಯ, ಅಲ್ಲಿಗೆ ಸುಮ್ಮನಾಗಿದ್ದರೆ ಆ ೪ ನಮಗೆ ಯಾವತ್ತೂ ಸಿಗುತ್ತಿರಲಿಲ್ಲ. ಮುಂದಿನ ಸಲ ಅದೇ ಅಂಕಿ ನೂರರ ಸ್ಥಾನದಲ್ಲಿ ಬಂದಿದ್ದರೆ ಒಂದು ವಾರ 815, ಮುಂದಿನ ವಾರ 25 ಆಗುತ್ತಿತ್ತು. ಎರಡೂ ಅಸಾಧ್ಯ ಅಲ್ಲ, ಬರೀ ವಿಚಿತ್ರ. ತಿಂಗಳ ಕೊನೆಗೆ ಬಿದ್ದಿದ್ದರೆ ಯಾರ ಕಣ್ಣಿಗೂ ಬೀಳದೆ ಬಿಲ್ ಆಗಿಹೋಗುತ್ತಿತ್ತು.

ಇನ್ನೊಬ್ಬಳ ಸಲಹೆ: ಮಿತಿ ದಾಟಿದ ಸಂಖ್ಯೆಯನ್ನು ಶೀಟ್ ಒಳಗೇ ತಗೊಳ್ಳದ ಹಾಗೆ ವ್ಯಾಲಿಡೇಶನ್ ಹಾಕೋಣ. ಕೇಳೋಕೆ ಚೆನ್ನಾಗಿದೆ. ಆದರೆ ರಾತ್ರಿ ಹನ್ನೊಂದಕ್ಕೆ ಆರು ಬ್ಲಾಕ್ ಏರಿಸುತ್ತಾ ಕೂತವರಿಗೆ ಶೀಟ್ "ಬೇಡ" ಅಂದರೆ ಅವರೇನು ಮಾಡ್ತಾರೆ? ಶೀಟ್ ಒಪ್ಪುವ ಯಾವುದೋ ಒಂದು ಸಂಖ್ಯೆ ಹೊಡೀತಾರೆ. ನಾವೂ ಅದನ್ನೇ ಮಾಡ್ತಿದ್ವಿ. ಅಲ್ಲದೆ ಹಿಂದಕ್ಕೆ ಹೋದಂತೆ ಕಾಣುವ ರೀಡಿಂಗ್ ಕೆಲವೊಮ್ಮೆ ನಿಜವೇ ಇರುತ್ತೆ. ಐದಂಕಿಯ ಮೀಟರ್ 99999 ಮುಟ್ಟಿದ ಮೇಲೆ 00000ಗೆ ತಿರುಗುತ್ತೆ. ಆಗ ವ್ಯತ್ಯಾಸಕ್ಕೆ 100000 ಸೇರಿಸಬೇಕು. ಮೀಟರ್ ಬದಲಾಯಿಸಿದ್ದರೆ ಹಳೆಯದರ ಕೊನೆಯ ರೀಡಿಂಗ್, ಹೊಸದರ ಮೊದಲ ರೀಡಿಂಗ್ ಎರಡೂ ಒಂದೇ ತಾರೀಕಿಗೆ ಬೇಕು. ಬಾಗಿಲು ಹಾಕಿದ ಶೀಟ್ ಈ ನಿಜಗಳನ್ನೂ ಹೊರಗೇ ನಿಲ್ಲಿಸುತ್ತೆ.

ಹಾಗಾಗಿ ಈಗ ನಮ್ಮ ಶೀಟ್ ಹೀಗಿದೆ. A ತಾರೀಕು. B ಚೀಟಿಯಲ್ಲಿ ಬರೆದದ್ದು. C ಮೀಟರ್ ಮುಖದಲ್ಲಿ ಕಂಡದ್ದು. B ಮತ್ತು C ಬೇರೆ ಬೇರೆಯವರು, ಒಬ್ಬರದ್ದೊಬ್ಬರು ನೋಡದೆ ತುಂಬುತ್ತಾರೆ. D ಹಿಂದಿನ ರೀಡಿಂಗ್‌ನಿಂದ ಕಳೆದ ದಿನಗಳು, E ಯೂನಿಟ್, F ಗುರುತು. F ಕಾಲಂನ ಸೂತ್ರ ಇಷ್ಟೆ:

```
=IF(B6<>C6,"ಫೋಟೋ ನೋಡಿ",IF(E6<0,"ಹಿಂದಕ್ಕೆ",IF(E6>D6*530,"ಮಿತಿ ದಾಟಿದೆ","")))
```

ಗಾಜಿನ ಮೇಲೆ ಫ್ಲಾಶ್ ಬಿದ್ದು C ಖಾಲಿ ಬಿಟ್ಟರೂ ಗುರುತು ಬೀಳುತ್ತೆ. ಬೀಳಲೇಬೇಕು, ಯಾಕಂದ್ರೆ ಆಗ ಸಾಕ್ಷಿ ಒಂದೇ. ಸರಿಯಾದ ಸಂಖ್ಯೆ ಗೊತ್ತಾದ ಮೇಲೆ ಅದನ್ನು G ಕಾಲಂನಲ್ಲಿ ಬರೆಯುತ್ತೇವೆ, ಪಕ್ಕದಲ್ಲಿ ಕಾರಣ. ಬಿಲ್ ಲೆಕ್ಕಕ್ಕೆ G, ಇಲ್ಲದಿದ್ದರೆ B. ಸಿ ಬ್ಲಾಕ್‌ನ 28512 ಇಂದಿಗೂ ತನ್ನ ಜಾಗದಲ್ಲೇ ಇದೆ. ಪಕ್ಕದಲ್ಲಿ 24512, "ಕನ್ನಡದ ೪".

ತಾರೀಕಿನ ಬಗ್ಗೆ ಒಂದು ಮಾತು. ವಾಟ್ಸಾಪ್‌ನಲ್ಲಿ ಫೋಟೋವಾಗಿ ಬಂದ ಚಿತ್ರದಲ್ಲಿ ತೆಗೆದ ಸಮಯದ ಮಾಹಿತಿ ಉಳಿದಿರಲ್ಲ, ಸಿಗೋದು ಕಳಿಸಿದ ಸಮಯ. ಸೋಮವಾರ ತೆಗೆದು ಬುಧವಾರ ಕಳಿಸಿದರೆ ಎರಡು ದಿನದ ಬಳಕೆ ಅತ್ತಿತ್ತ ಆಗುತ್ತೆ. ಅದಕ್ಕೇ ಚೀಟಿಯ ಮೇಲಿನ ತಾರೀಕನ್ನೇ ನಂಬಬೇಕು. ಅದನ್ನು ಏರಿಸುವಾಗಲೂ 01-09 ಅಂತ ಹೊಡೆದರೆ ಅಮೆರಿಕದ ಸೆಟ್ಟಿಂಗ್ ಇರುವ ಶೀಟ್ ಅದನ್ನು ಜನವರಿ 9 ಮಾಡುತ್ತೆ. ವರ್ಷ ಮೊದಲು ಬರೆದರೆ ಈ ತಾಪತ್ರಯ ಇಲ್ಲ.

ಇಷ್ಟೆಲ್ಲ ಮಾಡಿದರೂ ಹತ್ತರ ಸ್ಥಾನದ 1 ಅನ್ನು 7 ಅಂತ ಓದಿದರೆ ಮಿತಿಯ ಪರೀಕ್ಷೆಗೆ ಅದು ಸಿಗಲ್ಲ. 60 ಯೂನಿಟ್ ಯಾವ ವಾರವೂ ಹೆಚ್ಚು ಕಡಿಮೆ ಆಗಬಹುದು. ಅಲ್ಲಿ ಕಾಪಾಡೋದು B ಮತ್ತು C ಎರಡನ್ನೂ ಎರಡು ಜೋಡಿ ಕಣ್ಣು ಓದಿರೋದು ಮಾತ್ರ. ಸೋಮವಾರ ರಾತ್ರಿ ಇದಕ್ಕೆ ಇಪ್ಪತ್ತು ನಿಮಿಷ ಹೆಚ್ಚು ಬೇಕಾಗುತ್ತೆ. ನಲವತ್ತು ರೂಮು ಜಾಲಾಡೋದಕ್ಕಿಂತ ಅದು ಕಡಿಮೆ.