ಸಭೆಯ ಕರೆಯೋಲೆ

‘ಶನಿವಾರ 11 ಗಂಟೆಗೆ ಪೋಷಕರ ಸಭೆ. ಎಲ್ಲರೂ ತಪ್ಪದೆ ಹಾಜರಾಗತಕ್ಕದ್ದು.’ ಪ್ರೌಢಶಾಲೆಯೊಂದರ ಈ ಓಲೆಯನ್ನು ನಂಬಿ ತಾಯಿಯೊಬ್ಬಳು ದಿನದ ಕೂಲಿಯನ್ನು ಬಿಟ್ಟು ಬಂದಳೆನ್ನೋಣ. ಅಲ್ಲಿ ನಡೆದುದು ಹತ್ತನೆಯ ತರಗತಿಯ ಪ್ರವಾಸದ ಮಾತು. ಅವಳ ಮಗನಾದರೋ ಎಂಟನೆಯ ತರಗತಿಯವನು. ಮರುತಿಂಗಳು ಅದೇ ಒಕ್ಕಣೆಯ ಓಲೆ ಬಂದಾಗ ಅವಳು ಹೋಗಲಿಲ್ಲ. ಅಂದು ಶಾಲೆಯನ್ನು ಅರ್ಧ ಗಂಟೆ ತಡವಾಗಿ ಬಿಡುವುದೆಂದು ನಿರ್ಧಾರವಾಯಿತು, ಹುಡುಗನಿಗೆ 4.45ರ ಬಸ್ಸು ತಪ್ಪಿತು.

ತಪ್ಪು ಅವಳದೆನ್ನಲಾಗದು. ಓಲೆಯಲ್ಲಿ ಇನ್ನೆರಡು ಸಾಲುಗಳಿದ್ದರೆ ಸಾಕಿತ್ತು: ‘ಉದ್ದೇಶ: ಶಾಲೆ ಬಿಡುವ ವೇಳೆಯನ್ನು 4.30ರಿಂದ 5 ಗಂಟೆಗೆ ಬದಲಿಸಬೇಕೇ ಎಂಬುದನ್ನು ನಿರ್ಧರಿಸುವುದು. ಕಾರ್ಯಸೂಚಿ: ಬಸ್ಸಿನಲ್ಲಿ ಬರುವ ಮಕ್ಕಳ ತೊಂದರೆ, 20 ನಿಮಿಷ, ನಿರ್ಧಾರ, 10 ನಿಮಿಷ.’ ‘ಶಾಲೆಯ ವೇಳೆ’ ಎಂದಷ್ಟೇ ಬರೆದರೆ ಅದು ವಿಷಯವಾದೀತೇ ಹೊರತು ಉದ್ದೇಶವಾಗದು. ಕರೆದುದು ತಿಳಿಸುವುದಕ್ಕೋ, ಅಭಿಪ್ರಾಯ ಕೇಳುವುದಕ್ಕೋ, ನಿರ್ಧರಿಸುವುದಕ್ಕೋ ಎಂಬುದು ತಿಳಿದಾಗಲೇ ದಿನಗೂಲಿಯನ್ನು ಬಿಡುವುದೋ ಬೇಡವೋ ಎಂದು ಆಕೆ ಎಣಿಸಿಯಾಳು.

‘ಅಧ್ಯಕ್ಷರ ಅಪ್ಪಣೆಯಂತೆ ಇತರ ವಿಷಯಗಳು’ ಎಂಬ ಹಳೆಯ ಬಾಲವೊಂದುಂಟು. ಓಲೆಯಲ್ಲಿಲ್ಲದ ನಿರ್ಧಾರ ಅದರ ಮರೆಯಲ್ಲಿ ನುಸುಳೀತು. ಹಾಗೆ ಎದ್ದ ವಿಷಯವನ್ನು ಅಂದು ಕೇಳಿಸಿಕೊಂಡು, ನಿರ್ಧಾರವನ್ನು ಮುಂದಿನ ಓಲೆಗೆ ಬಿಡುವುದು ಲೇಸು.