ನಕಲು ಮಾಡಿದ ಚೀಟಿಗೆ ಪ್ರಶ್ನೆ ಕೇಳಲು ಬರುವುದಿಲ್ಲ

ಈ ಮಳೆಗಾಲದಲ್ಲಿ ಕಳಸದ ಮನೆಗೆ ಹೋದಾಗ, ಪರೀಕ್ಷೆಗೆ ಓದುತ್ತಿದ್ದ ಅಕ್ಕನ ಮಗಳು ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟೊಂದನ್ನು ತೋರಿಸಿದಳು. ಮೇಲಿನ ಚೀಟಿಯ ಒಂದು ಬದಿಯಲ್ಲಿ 'ಕುದುರೆಮುಖ ಗಣಿಗಾರಿಕೆ' ಎಂದಿತ್ತು. ಹಿಂಬದಿಯಲ್ಲಿ ಪಠ್ಯಪುಸ್ತಕದ ಇಡೀ ಪ್ಯಾರಾ: 1976ರಲ್ಲಿ ಕಂಪನಿಯ ಸ್ಥಾಪನೆ, ಮ್ಯಾಗ್ನಟೈಟ್ ಅದಿರು, ಮಂಗಳೂರಿಗೆ 67 ಕಿಲೋಮೀಟರ್ ಕೊಳವೆ, 1987ರಲ್ಲಿ ರಾಷ್ಟ್ರೀಯ ಉದ್ಯಾನ, 2002ರ ಸುಪ್ರೀಂ ಕೋರ್ಟ್ ತೀರ್ಪು, 2005ರ ಕೊನೆಗೆ ಗಣಿ ಬಂದ್.

"ಇದು ಪೂರ್ತಿ ಬರುತ್ತೆ ಚಿಕ್ಕಿ" ಎಂದಳು. ನಿಜ, ಒಂದೇ ಉಸಿರಿಗೆ ಒಪ್ಪಿಸಿದಳು. "ತೀರ್ಪು ಬಂದದ್ದು ಯಾವಾಗ?" ಎಂದು ಕೇಳಿದೆ. ಅವಳು ಮತ್ತೆ 1976ರಿಂದ ಶುರುಮಾಡಿದಳು. ನಡುವೆ ತಡೆದೆ. "2005" ಅಂದಳು.

ತಪ್ಪು ಅವಳದಲ್ಲ, ಚೀಟಿಯದು. ಮುದ್ದಾದ ಅಕ್ಷರದಲ್ಲಿ ಪುಸ್ತಕವನ್ನು ನಕಲು ಮಾಡುವುದನ್ನೇ ಓದು ಎಂದು ಕಲಿಸಿದವರದು. ಪದವಿಯಲ್ಲಿದ್ದಾಗ ಹಿರಿಯರೊಬ್ಬರು ದಾಟಿಸಿದ ಇಂಥದೇ ಕಟ್ಟನ್ನು ನಾನೂ ತಿಂಗಳುಗಟ್ಟಲೆ ತಿರುವಿದ್ದೇನೆ. ಪರೀಕ್ಷೆಯಲ್ಲಿ ಪ್ಯಾರಾ ಪುಟದ ಯಾವ ಮೂಲೆಯಲ್ಲಿತ್ತೆಂಬುದು ನೆನಪಾಯಿತು, ಉತ್ತರ ಮಾತ್ರ ನೆನಪಾಗಲಿಲ್ಲ.

ಚೀಟಿಯ ಕೆಲಸ ಮಾಹಿತಿಯನ್ನು ಕಾಪಿಡುವುದಲ್ಲ, ಅದಕ್ಕೆ ಪುಸ್ತಕವಿದೆ. ಉತ್ತರ ಬಂತೋ ಇಲ್ಲವೋ ಎಂದು ತೀರ್ಪು ಕೊಡುವುದು ಅದರ ಕೆಲಸ. 1972ರಲ್ಲಿ ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯಗೊಳಿಸಿದ ಪೆಟ್ಟಿಗೆಯ ಪದ್ಧತಿ ನಿಂತಿರುವುದೇ ಈ ತೀರ್ಪಿನ ಮೇಲೆ: ಬಂದ ಚೀಟಿ ಮುಂದಿನ ಖಾನೆಗೆ ಹೋಗಿ ತಡವಾಗಿ ತಿರುಗಿ ಬರುತ್ತದೆ, ಬಾರದ್ದು ಮೊದಲ ಖಾನೆಗೆ ಮರಳುತ್ತದೆ. ಆರು ಸಂಗತಿಗಳ ಚೀಟಿಯಲ್ಲಿ ಐದು ಬಂದು ಒಂದು ಬಾರದಿದ್ದರೆ ಯಾವ ಖಾನೆ? ಮುಂದಕ್ಕೆ ಹಾಕಿದರೆ ಬಾರದ ಒಂದು ಕಳೆದುಹೋಗುತ್ತದೆ. ಹಿಂದಕ್ಕೆ ಹಾಕಿದರೆ ಬರುವ ಐದನ್ನು ವ್ಯರ್ಥವಾಗಿ ಮತ್ತೆ ಓದಬೇಕು. ಸಾಮಾನ್ಯವಾಗಿ ನಾವು ನಮ್ಮ ಮೇಲೇ ದಯೆ ತೋರಿ ಮುಂದಕ್ಕೆ ಹಾಕುತ್ತೇವೆ. 2002 ಕಾಣೆಯಾದದ್ದು ಹಾಗೆ.

ಅಂದು ಸಂಜೆ ಆ ಪ್ಯಾರಾವನ್ನು ಇಬ್ಬರೂ ಒಡೆದೆವು. ಮೊದಲು ಅವಳು 'ಕುದುರೆಮುಖ, 2002?' ಎಂದು ಬರೆದಳು. ಅದೂ ಕೆಟ್ಟ ಚೀಟಿ; ಏನನ್ನು ಕೇಳುತ್ತಿದೆ ಎಂಬುದು ಒಂದು ತಿಂಗಳ ನಂತರ ಅವಳಿಗೇ ತಿಳಿಯದು. ತಿದ್ದಿದ ಮೇಲೆ ಹೀಗಾಯಿತು:

ಕುದುರೆಮುಖದ ಗಣಿ ನಿಲ್ಲಬೇಕೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ವರ್ಷ? 2002.
ಆ ತೀರ್ಪಿನಂತೆ ಗಣಿ ನಿಲ್ಲಿಸಲು ಕೊನೆಯ ಗಡುವು? 2005ರ ಅಂತ್ಯ.
ಕೂಡಲೇ ನಿಲ್ಲಿಸದೆ ಗಡುವು ಕೊಟ್ಟದ್ದೇಕೆ? ಆಗಲೇ ಅಗೆದಿದ್ದ ಜಾಗದ ಕೆಲಸ ಮುಗಿಸಿ ಹಂತಹಂತವಾಗಿ ಮುಚ್ಚಲು.

ಮೂರನೆಯ ಚೀಟಿ ಬಂದ ಮೇಲೆ ಎರಡು ಇಸವಿಗಳು ಅವಳಲ್ಲಿ ಮತ್ತೆ ಕಲೆಸಲಿಲ್ಲ. ಒಂದು ಆಜ್ಞೆಯದು, ಇನ್ನೊಂದು ಗಡುವಿನದು.

ಕೊಳವೆಯ ಸಾಲಿಗೆ ಬಂದಾಗ 'ಉದ್ದ ಎಷ್ಟು?' ಎಂಬ ಚೀಟಿ ಸುಲಭವಾಗಿ ಆಯಿತು. "ಲಾರಿ ಬಿಟ್ಟು ಕೊಳವೆ ಯಾಕೆ?" ಎಂದೆ. ಸುಮ್ಮನಾದಳು. ಪುಸ್ತಕದಲ್ಲಿ ಅದಿರಲಿಲ್ಲ. ಇಲ್ಲಿನ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಅದನ್ನು ನುಣ್ಣಗೆ ಅರೆದು, ಆಯಸ್ಕಾಂತದ ನೆರವಿನಿಂದ ಕಬ್ಬಿಣದ ಭಾಗವನ್ನು ಬೇರ್ಪಡಿಸಬೇಕಿತ್ತು. ಹಾಗೆ ಸಿಕ್ಕ ಪುಡಿ ನೀರಿನೊಂದಿಗೆ ಕೆಸರಿನಂತೆ ಇರುತ್ತದೆ. ಕೆಸರಾದ ಮೇಲೆ ಘಟ್ಟದಿಂದ ಕಡಲಿಗೆ ಇಳಿಸಲು ಕೊಳವೆಗಿಂತ ಒಳ್ಳೆಯ ದಾರಿ ಯಾವುದು? ಆರು ಸಲ ನಕಲು ಮಾಡಿದ್ದರೂ ಈ ಪ್ರಶ್ನೆ ಅವಳಿಗೆ ಹುಟ್ಟುತ್ತಿರಲಿಲ್ಲ. ಒಡೆಯಲು ಕೂತಾಗ ಹುಟ್ಟಿತು. ಒಂದು ಪ್ಯಾರಾದಿಂದ ಒಂದು ಪ್ರಶ್ನೆಯನ್ನೂ ತೆಗೆಯಲಾಗದಿದ್ದರೆ, ಅದು ಅರ್ಥವಾಗಿಲ್ಲ ಎಂದೇ ತಿಳಿಯಬೇಕು.

"ಹೀಗೆ ಚೂರು ಮಾಡಿದರೆ ಜ್ಞಾನವೇ ಚೂರಾಗುತ್ತದೆ" ಎಂದು ನನ್ನ ಸಾಹಿತ್ಯ ವಿಭಾಗದ ಗೆಳೆಯರು ಆಕ್ಷೇಪಿಸುತ್ತಾರೆ. ಬರೀ ಇಸವಿಗಳ ಚೀಟಿ ಮಾಡಿದರೆ ಖಂಡಿತ ಚೂರಾಗುತ್ತದೆ. ಅದಕ್ಕೇ ಪ್ರತಿ ಎರಡು 'ಯಾವಾಗ'ಗಳ ನಡುವೆ ಒಂದು 'ಯಾಕೆ' ಇರಬೇಕು. ಇದರಾಚೆ ಚೀಟಿಗೊಂದು ಮಿತಿಯೂ ಇದೆ. ಗಣಿ ಮುಚ್ಚಿದ್ದು ಸರಿಯೇ, ಕೆಲಸ ಹೋದವರ ಪಾಡೇನು ಎಂಬುದನ್ನು ಚೀಟಿ ಕೇಳಲಾರದು. ಅದಕ್ಕೆ ಬಿಳಿ ಹಾಳೆ ಇಟ್ಟುಕೊಂಡು, ಪುಸ್ತಕ ಮುಚ್ಚಿ, ಒಂದು ಪುಟ ಬರೆಯಬೇಕು. ಆದರೆ ತೀರ್ಪು ಯಾವುದು, ಗಡುವು ಯಾವುದು ಎಂದು ತಿಳಿಯದವರು ಆ ಪುಟದಲ್ಲಿ ವಾದ ಹೂಡುವುದಾದರೂ ಹೇಗೆ?

ಮಾರನೆಯ ಬೆಳಿಗ್ಗೆ ಹಳೆಯ ಕಟ್ಟು ಒಲೆಯ ಪಕ್ಕದಲ್ಲಿತ್ತು. ಹೊಸ ಚೀಟಿಗಳು ಹನ್ನೊಂದು. ಅವುಗಳಲ್ಲಿ ನಾಲ್ಕು ಅವಳಿಗೆ ಬರಲಿಲ್ಲ, ಮತ್ತು ಯಾವ ನಾಲ್ಕು ಎಂಬುದು ಅವಳಿಗೆ ಗೊತ್ತಿತ್ತು.