ಬಿಳಿಯ ಗಡ್ಡ ಮುಪ್ಪಲ್ಲ

ಮುಂಬಯಿಯ ಸಭಾಗೃಹವೊಂದರಲ್ಲಿ ನೋಡಿದ ನಾಟಕವೊಂದು ಈ ಲೇಖನಕ್ಕೆ ನೆಪ. ನಾಯಕನ ಬಾಲ್ಯ, ನಡುವಯಸ್ಸು, ಮುಪ್ಪು ಮೂರೂ ರಂಗದ ಮೇಲೆ ಬರುತ್ತಿದ್ದವು. ಮೊದಲ ಅಂಕದಲ್ಲಿ ಚುರುಕಾದ ಒಬ್ಬ ಹುಡುಗ, ಎರಡನೆಯದರಲ್ಲಿ ಮೂವತ್ತರ ಒಬ್ಬ ನಟ. ಮೂರನೆಯ ಅಂಕಕ್ಕೆ ಪರದೆ ಸರಿದಾಗ ಅದೇ ನಟ ಬಿಳಿಯ ಗಡ್ಡ ಅಂಟಿಸಿಕೊಂಡು, ಹಣೆಗೆ ಅಡ್ಡಲಾಗಿ ಕಪ್ಪು ಬಣ್ಣದ ಮೂರು ಗೆರೆ ಎಳೆಸಿಕೊಂಡು, ಕೋಲೂರಿ ನಿಂತಿದ್ದ. ನನ್ನ ಪಕ್ಕದ ಸಾಲಿನಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ತಾಯಿಯನ್ನು ಕೇಳಿದಳು: "ಅಮ್ಮಾ, ಈ ಅಜ್ಜ ಯಾರು?" ತಾಯಿ ಹೇಳಿದಳು: "ಅವನೇ ಕಣೇ, ಮೊದಲು ಬಂದಿದ್ದನಲ್ಲ, ಆ ಹುಡುಗ." ಮಗು ಒಪ್ಪಲಿಲ್ಲ. "ಇಲ್ಲ, ಇವನು ಬೇರೆ" ಎಂದಿತು. ಆ ಸಂಜೆ ಕೇಳಿಬಂದ ವಿಮರ್ಶೆಯ ಮಾತುಗಳಲ್ಲಿ ಸತ್ಯವಾದದ್ದು ಇದೊಂದೇ.

ನಾಟಕ ಮುಗಿದ ಮೇಲೆ ಈ ಮಾತನ್ನೆತ್ತಿದಾಗ ಮಿತ್ರರು ನಕ್ಕರು. ಪ್ರೇಕ್ಷಕರು ದಡ್ಡರಲ್ಲ, ಹೆಸರು ಕರೆದರೆ ಗೊತ್ತಾಗುತ್ತದೆ, ಬಿಳಿಯ ಕೂದಲು ಕಂಡರೆ ಮುದುಕನೆಂದು ತಿಳಿಯುತ್ತಾರೆ ಎಂಬುದು ಅವರ ವಾದ. ರಂಗಭೂಮಿಯಲ್ಲಷ್ಟೇ ಅಲ್ಲ, ನಮ್ಮ ಕಥಾಚಿತ್ರಗಳಲ್ಲಿ, ಮಕ್ಕಳ ಪುಸ್ತಕಗಳಲ್ಲಿ, ಸಂಚಿಕೆಗಳ ರೇಖಾಚಿತ್ರಗಳಲ್ಲಿ ನಡೆದುಬಂದಿರುವುದೂ ಈ ವಾದವೇ. ಇದು ಸೋಮಾರಿತನದ ವಾದ ಮಾತ್ರವಲ್ಲ, ಮನುಷ್ಯನ ಬಗ್ಗೆ ಒಂದು ತಪ್ಪು ತಿಳಿವಳಿಕೆಯ ವಾದವೂ ಹೌದೆಂದು ತೋರಿಸುವುದು ನನ್ನ ಉದ್ದೇಶ. ಮುಪ್ಪು ಎಂಬುದು ಮುಖದ ಮೇಲೆ ಅಂಟಿಸುವ ವಸ್ತು ಎಂದು ಬಗೆಯುವವನಿಗೆ ಎಲ್ಲ ಮುದುಕರೂ ಒಂದೇ. ಆ ಕಣ್ಣಿನಲ್ಲಿ ವ್ಯಕ್ತಿ ಸತ್ತು, 'ಅಜ್ಜ' ಎಂಬ ಸಿದ್ಧಮಾದರಿಯೊಂದು ಉಳಿಯುತ್ತದೆ.

ಮೊದಲು ಬಾಲ್ಯವನ್ನೇ ನೋಡೋಣ. ಮಗುವೆಂದರೆ ದೊಡ್ಡವನ ಕಿರಿದಾದ ಪ್ರತಿಯಲ್ಲ. ಹುಟ್ಟಿದ ಕೂಸಿನ ತಲೆ ಅದರ ಇಡೀ ಉದ್ದದ ನಾಲ್ಕರಲ್ಲೊಂದು ಭಾಗ. ಎಂಟು ವರ್ಷದ ಹುಡುಗನ ಎತ್ತರ ಸುಮಾರು ಆರು ತಲೆಗಳಷ್ಟು, ಬೆಳೆದವನದು ಏಳರಿಂದ ಏಳೂವರೆ. ಮುಖದೊಳಗಿನ ಬದಲಾವಣೆ ಇನ್ನೂ ಸ್ವಾರಸ್ಯದ್ದು. ಬೆಳೆದವನಲ್ಲಿ ನೆತ್ತಿಗೂ ಗದ್ದಕ್ಕೂ ನಡುಮಧ್ಯದಲ್ಲಿ ಕಣ್ಣಿನ ಸಾಲು ಬರುತ್ತದೆ. ಮಗುವಿನಲ್ಲಿ ಅದು ಮಧ್ಯಕ್ಕಿಂತ ಕೆಳಗಿರುತ್ತದೆ, ಏಕೆಂದರೆ ತಲೆಬುರುಡೆ ಬೇಗ ಬೆಳೆಯುತ್ತದೆ, ದವಡೆ ನಿಧಾನವಾಗಿ ಬೆಳೆಯುತ್ತದೆ. ಕಣ್ಣುಗುಡ್ಡೆಯಾದರೋ ಮೊದಲ ಎರಡು ಮೂರು ವರ್ಷಗಳಲ್ಲಿಯೇ ತನ್ನ ಬೆಳವಣಿಗೆಯ ಬಹುಭಾಗವನ್ನು ಮುಗಿಸಿಬಿಡುತ್ತದೆ. ಮಗುವಿನ ಕಣ್ಣು ದೊಡ್ಡದೆಂದು ನಾವು ಹೇಳುತ್ತೇವೆ. ನಿಜವಾಗಿ ದೊಡ್ಡದಾಗಿರುವುದು ಕಣ್ಣಲ್ಲ, ಅದರ ಸುತ್ತಲಿನ ಮುಖ ಇನ್ನೂ ಚಿಕ್ಕದು. ಎಂಟರ ಹುಡುಗನ ಕಣ್ಣೇ ಎಪ್ಪತ್ತರ ಮುದುಕನಲ್ಲಿಯೂ ಇರುತ್ತದೆ, ಬದಲಾಗುವುದು ಅದರ ಮನೆ.

ಸತ್ಯಜಿತ್ ರಾಯ್ ಅವರಿಗೆ ಇದು ಗೊತ್ತಿತ್ತು. 'ಪಥೇರ್ ಪಾಂಚಾಲಿ' (1955) ಚಿತ್ರದಲ್ಲಿ ಬಾಲಕ ಅಪು ನಮಗೆ ಮೊದಲು ಕಾಣಿಸುವುದು ಹೊದಿಕೆಯ ತೂತಿನೊಳಗಿನಿಂದ ತೆರೆಯುವ ಒಂದು ಕಣ್ಣಾಗಿ. 'ಅಪರಾಜಿತೊ' (1956), 'ಅಪುರ್ ಸಂಸಾರ್' (1959) ಸೇರಿ ಮೂರು ಚಿತ್ರಗಳಲ್ಲಿ ಆ ಪಾತ್ರವನ್ನು ನಾಲ್ವರು ಬೇರೆ ಬೇರೆಯವರು ಧರಿಸಿದರು. ಎರಡನೆಯ ಚಿತ್ರಕ್ಕೆ ಸೌಮಿತ್ರ ಚಟರ್ಜಿಯವರು ವಯಸ್ಸಿನಲ್ಲಿ ದೊಡ್ಡವರಾದರೆಂದು ರಾಯ್ ಬಿಟ್ಟುಕೊಟ್ಟರು, ಮೂರನೆಯದಕ್ಕೆ ಅವರನ್ನೇ ಕರೆದರು. ಒಬ್ಬನೇ ನಟನಿಗೆ ಬಣ್ಣ ಬಳಿದು ಎಲ್ಲ ವಯಸ್ಸನ್ನೂ ಸಾಗಿಸಬೇಕೆಂಬ ಹಟ ಅವರಿಗಿರಲಿಲ್ಲ. ನಾಲ್ಕು ಮುಖಗಳಿದ್ದರೂ ನಮಗೆ ಅಪು ಒಬ್ಬನೇ, ಏಕೆಂದರೆ ಬೆರಗಿನಿಂದ ನಿಂತು ನೋಡುವ ಆ ದೃಷ್ಟಿ ಕೈಬದಲಾಗುತ್ತಾ ಬಂದಿದೆ. ಆದರೆ ಅಪು ಆ ಚಿತ್ರಗಳಲ್ಲಿ ಮುದುಕನಾಗುವುದಿಲ್ಲ. ಕಷ್ಟದ ಭಾಗ ನಮಗೇ ಉಳಿದಿದೆ.

ಆ ಭಾಗಕ್ಕೆ ನನ್ನದೇ ಒಂದು ಪ್ರಯತ್ನವನ್ನು ಉದಾಹರಣೆಯಾಗಿ ಕೊಡುತ್ತೇನೆ. ಮಾಸ್ತಿಯವರ 'ಸುಬ್ಬಣ್ಣ' (1928) ಕಥೆಗೆ ಮೂರು ಚಿತ್ರ ಬರೆಯಲು ಕುಳಿತಿದ್ದೆ. ಸಂಗೀತದ ಹುಚ್ಚು ಹತ್ತಿದ ಮೈಸೂರಿನ ಹುಡುಗ, ತಂದೆಯೊಡನೆ ವಿರಸವಾಗಿ ದೂರದ ಕಲ್ಕತ್ತೆಗೆ ಹೋದ ಗಾಯಕ, ಬಾಳಿನ ನೋವುಗಳನ್ನು ಉಂಡು ಮಾಗಿದ ಹಿರಿಯ. ಹೊರನಾಡಿನಲ್ಲಿ ಬಾಳುವ ನಮಗೆ ಹತ್ತಿರದ ಕಥೆ. ಕಥೆಗಾರ ಮುಖದ ಅಳತೆಗಳನ್ನು ಕೊಡುವುದಿಲ್ಲ, ಅದು ಅವನ ಕೆಲಸವೂ ಅಲ್ಲ. ಚಿತ್ರಕಾರನೇ ಆರಿಸಬೇಕು. ಮೊದಲ ಸಲ ನಾನೂ ಎಲ್ಲರ ತಪ್ಪನ್ನೇ ಮಾಡಿದೆ: ಹುಡುಗನ ಮುಖವನ್ನು ಮೊದಲು ಬರೆದು, ಅದನ್ನೇ ಹಿಗ್ಗಿಸಿ ಗಾಯಕನನ್ನು ಮಾಡಿ, ಅವನಿಗೆ ಸುಕ್ಕು ಎಳೆದು ಮುದುಕನನ್ನು ಮಾಡಿದೆ. ಗಾಯಕ ಮೀಸೆ ಬಂದ ಕೂಸಿನಂತೆ ಕಂಡ. ಮುದುಕ ಆ ಕೂಸು ಹಾಕಿಕೊಂಡ ವೇಷದಂತೆ ಕಂಡ.

ಎರಡನೆಯ ಸಲ ನಡುವಯಸ್ಸಿನಿಂದ ಪ್ರಾರಂಭಿಸಿದೆ. ಮೂವತ್ತೈದರ ಮುಖದಲ್ಲಿ ಎಲುಬು ತನ್ನ ಪೂರ್ಣರೂಪಕ್ಕೆ ಬಂದಿರುತ್ತದೆ. ಅಲ್ಲಿಂದ ಹಿಂದಕ್ಕೂ ಹೋಗಬಹುದು, ಮುಂದಕ್ಕೂ ಹೋಗಬಹುದು. ಬದಲಾಗದ ಮೂರು ಲಕ್ಷಣಗಳನ್ನು ಮೊದಲೇ ನಿಶ್ಚಯಿಸಿಕೊಂಡೆ. ಒಂದು, ಕಿವಿ: ಹೊರಕ್ಕೆ ಚಾಚಿದ ಮೇಲ್ಭಾಗ, ಒಳಗಿನ ಮಡಿಕೆಯಲ್ಲೊಂದು ತಿರುವು. ಎರಡು, ಎಡಹುಬ್ಬು ಬಲಹುಬ್ಬಿಗಿಂತ ತುಸು ಮೇಲಿರುವುದು. ಮೂರು, ಆಲಿಸುವಾಗ ತಲೆಯನ್ನು ಬಲಕ್ಕೆ ವಾಲಿಸಿ ಕಣ್ಣನ್ನು ಅರೆಮುಚ್ಚುವ ಅಭ್ಯಾಸ. ಸಂಗೀತಗಾರನಿಗೆ ಕಿವಿಯನ್ನು ಆರಿಸಿದ್ದು ಚಮತ್ಕಾರಕ್ಕಲ್ಲ. ಕಿವಿಯ ಮಡಿಕೆಗಳ ವಿನ್ಯಾಸ ಬಾಲ್ಯದಿಂದ ಕೊನೆಯವರೆಗೆ ಗುರುತು ಸಿಗುವಂತೆ ಉಳಿಯುತ್ತದೆ. ಆದರೂ ಅದು ಸ್ಥಿರವಲ್ಲ, ನಡುವಯಸ್ಸಿನ ಅನಂತರ ವರ್ಷಕ್ಕೆ ಮಿಲಿಮೀಟರಿನ ಐದರಲ್ಲೊಂದು ಭಾಗದಷ್ಟು ಉದ್ದವಾಗುತ್ತಾ ಹೋಗುತ್ತದೆ. ನಲವತ್ತು ವರ್ಷಕ್ಕೆ ಅದು ಮುಕ್ಕಾಲು ಸೆಂಟಿಮೀಟರನ್ನು ಮೀರುತ್ತದೆ. ಮುದುಕನಿಗೆ ಯುವಕನ ಕಿವಿಯನ್ನೇ ಇಟ್ಟವನು ಅಲ್ಲಿಯೇ ಸಿಕ್ಕಿಬೀಳುತ್ತಾನೆ.

ಮುಂದೆ ಸುಕ್ಕಿನ ಪ್ರಶ್ನೆ. ನಮ್ಮ ಬಣ್ಣಗಾರರು ಸುಕ್ಕನ್ನು ಮಳೆಯಂತೆ ಎಲ್ಲರ ಮೇಲೂ ಸಮನಾಗಿ ಸುರಿಸುತ್ತಾರೆ. ಮುಖದ ಸುಕ್ಕು ಹೆಚ್ಚಾಗಿ ಕೆಳಗಿನ ಸ್ನಾಯು ಎಳೆಯುವ ದಿಕ್ಕಿಗೆ ಅಡ್ಡಲಾಗಿ ಮೂಡುತ್ತದೆ. ಹುಬ್ಬನ್ನು ಮೇಲೆತ್ತುವ ಸ್ನಾಯು ಲಂಬವಾಗಿ ಎಳೆಯುವುದರಿಂದ ಹಣೆಯ ಗೆರೆ ಅಡ್ಡಡ್ಡ. ಹುಬ್ಬು ಗಂಟಿಕ್ಕುವವನಿಗೆ ಮೂಗಿನ ಮೇಲೆ ಲಂಬ ಗೆರೆ. ಅರ್ಥಾತ್, ಒಬ್ಬ ಮನುಷ್ಯ ಐವತ್ತು ವರ್ಷ ಯಾವ ಭಾವವನ್ನು ಹೆಚ್ಚಾಗಿ ಧರಿಸಿದನೋ ಅದರ ದಾಖಲೆ ಅವನ ಚರ್ಮದ ಮೇಲಿರುತ್ತದೆ. ನನ್ನ ಸುಬ್ಬಣ್ಣ ಎಡಹುಬ್ಬನ್ನು ಎತ್ತುವವನು, ಹಾಗಾಗಿ ಮುಪ್ಪಿನಲ್ಲಿ ಅವನ ಹಣೆಯ ಎಡಭಾಗದಲ್ಲಿ ಗೆರೆ ಆಳ, ಬಲದಲ್ಲಿ ತೆಳು. ಆಲಿಸುವಾಗ ಕಣ್ಣು ಕಿರಿದಾಗಿಸುವವನು, ಹಾಗಾಗಿ ಕಣ್ಣಿನ ಹೊರಮೂಲೆಯಲ್ಲಿ ಗೆರೆಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿವೆ. ಮುದುಕನ ಸುಕ್ಕನ್ನು ಬರೆಯುವ ಮೊದಲು ಹುಡುಗನ ಅಭ್ಯಾಸವನ್ನು ಬರೆದಿರಬೇಕು. ಹಾಗೆ ಬರೆಯದವನ ಸುಕ್ಕು ಯಾರ ಸುಕ್ಕೂ ಅಲ್ಲ.

ಸುಕ್ಕಿಗಿಂತ ಆಳದ ಬದಲಾವಣೆ ಎಲುಬಿನದು. ಹಲ್ಲು ಬಿದ್ದವರಲ್ಲಿ ಹಲ್ಲನ್ನು ಹಿಡಿದಿದ್ದ ದವಡೆಯ ಅಂಚು ಕರಗುತ್ತದೆ. ಮುಖದ ಕೆಳಭಾಗ ಗಿಡ್ಡವಾಗಿ ಗದ್ದ ಮೂಗಿನತ್ತ ಏರುತ್ತದೆ, ತುಟಿ ಒಳಕ್ಕೆ ಸೇರುತ್ತದೆ. ಕಪೋಲದ ಕೊಬ್ಬು ಇಳಿದು ಕೆನ್ನೆಯೆಲುಬು ಎದ್ದು ಕಾಣುತ್ತದೆ, ಮೂಗಿನ ತುದಿ ಜೋತುಬೀಳುತ್ತದೆ. ಮೂರು ಚಿತ್ರಗಳನ್ನೂ ತೆಳುಕಾಗದದ ಮೇಲೆ ಎತ್ತಿಕೊಂಡು ಕಣ್ಣಿಗೆ ಕಣ್ಣು ಸರಿಯಾಗಿ ಹೊಂದುವಂತೆ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಾಗ ನನಗೆ ಕಂಡದ್ದಿಷ್ಟು: ಹುಡುಗನ ಗದ್ದ ಮೇಲಿತ್ತು, ಗಾಯಕನದು ಕೆಳಗಿಳಿದಿತ್ತು, ಹಲ್ಲಿಲ್ಲದ ಮುದುಕನದು ಮತ್ತೆ ಮೇಲೇರಿತ್ತು. ಹುಬ್ಬುಗಳ ಓರೆ ಮಾತ್ರ ಮೂರರಲ್ಲಿಯೂ ಒಂದೇ. ಮುಪ್ಪು ಎರಡನೆಯ ಬಾಲ್ಯವೆಂದು ನಾವು ಆಡುವ ಮಾತಿಗೆ ಮುಖದ ಅಳತೆಯಲ್ಲಿಯೂ ಒಂದಿಷ್ಟು ಆಧಾರವಿದೆ. ಹಲ್ಲು ಗಟ್ಟಿಯಿರುವ ಮುದುಕನಿಗೆ ಈ ಮಾತು ಅನ್ವಯಿಸದು. ಆದ್ದರಿಂದ ಬರೆಯುವವನು ಪಾತ್ರದ ಹಲ್ಲಿನ ಗತಿಯನ್ನೂ ಯೋಚಿಸಿರಬೇಕು.

ಇದಿಷ್ಟೂ ಸರಿಯಾಯಿತೇ ಎಂದು ತಿಳಿಯುವುದು ಹೇಗೆ? ಮೂರು ಮುಖಗಳನ್ನೂ ಕೂದಲು, ಗಡ್ಡ, ಉಡುಪು ಇಲ್ಲದೆ ಬರೆಯಬೇಕು. ಅವುಗಳ ನಡುವೆ ಅದೇ ವಯಸ್ಸಿನ ಬೇರೆ ಮೂವರ ಮುಖಗಳನ್ನು ಬೆರೆಸಿ, ಕಥೆ ಗೊತ್ತಿಲ್ಲದವರ ಮುಂದಿಟ್ಟು, ಒಬ್ಬನೇ ಆಗಿರುವವನನ್ನು ಆರಿಸಿರೆನ್ನಬೇಕು. ನನ್ನ ಮೊದಲ ಮೂರನ್ನು ನೆರೆಮನೆಯವರು ಗುರುತಿಸಲಿಲ್ಲ. ಎರಡನೆಯ ಸಲದವನ್ನು ಗುರುತಿಸಿದರು. ಆದರೆ ಒಬ್ಬರು "ಅಪ್ಪ ಮಗ ಇದ್ದ ಹಾಗಿದ್ದಾರೆ" ಎಂದರು. ಅದು ಅರ್ಧ ಸೋಲು. ವಂಶದ ಹೋಲಿಕೆ ಬಂದಿತ್ತು, ವ್ಯಕ್ತಿಯ ಐಕ್ಯ ಬಂದಿರಲಿಲ್ಲ. ಮುದುಕನ ತಲೆಯನ್ನು ನೆಟ್ಟಗೆ ಬರೆದಿದ್ದೆ. ಹುಡುಗನಂತೆ ಬಲಕ್ಕೆ ವಾಲಿಸಿದ ಮೇಲೆ ಅದೇ ಮಹನೀಯರು "ಹೌದು, ಇವನೇ" ಎಂದರು. ಎಲುಬು ಹೋಲಿಕೆಯನ್ನು ಕೊಡುತ್ತದೆ, ಗುರುತನ್ನು ಮುಗಿಸುವುದು ಭಂಗಿ.

ಇಲ್ಲಿ ಇನ್ನೊಂದು ಆಕ್ಷೇಪ ಬರುತ್ತದೆ: ಇಷ್ಟೆಲ್ಲ ಏಕೆ, ಕೆನ್ನೆಗೊಂದು ಮಚ್ಚೆಯಿಟ್ಟರೆ ಸಾಲದೇ? ನಮ್ಮ ಸಿನಿಮಾಗಳು ಮಚ್ಚೆ, ತಾಯಿತ, ಹಾಡುಗಳಿಂದ ಕಳೆದುಹೋದ ತಮ್ಮಂದಿರನ್ನು ಎಷ್ಟೋ ಸಲ ಕೂಡಿಸಿವೆ. ಗುರುತಿನ ಚೀಟಿಯಾಗಿ ಮಚ್ಚೆ ಸಾಕು. ಆದರೆ ಗುರುತಿನ ಚೀಟಿ ಬೇರೆ, ಮನುಷ್ಯ ಬೇರೆ. 'ದೀವಾರ್' (1975) ಚಿತ್ರದಲ್ಲಿ ಬಾಲಕನ ತೋಳಿನ ಮೇಲೆ ಬಲವಂತದಿಂದ ಹಾಕಿದ ಹಚ್ಚೆ ಬೆಳೆದವನ ತೋಳಿನಲ್ಲಿಯೂ ಇದೆ. ಅದು ಕೆಲಸ ಮಾಡುವುದು ಅವನನ್ನು ಗುರುತಿಸಲೆಂದಲ್ಲ, ಆ ಅವಮಾನವೇ ಅವನನ್ನು ಬೆಳೆಸಿದ್ದರಿಂದ. ಬಾಳಿನಿಂದ ಹುಟ್ಟಿದ ಗುರುತು ನಿಲ್ಲುತ್ತದೆ, ಬಣ್ಣದ ಪೆಟ್ಟಿಗೆಯಿಂದ ಹುಟ್ಟಿದ್ದು ಬೆವರಿಗೆ ಕರಗುತ್ತದೆ.

ಕೊನೆಗೆ ಆ ಪುಟ್ಟ ಹುಡುಗಿಯ ಕಡೆಗೇ ಮರಳುತ್ತೇನೆ. ಈ ಊರಿನಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಅನೇಕರಿಗೆ ಅಜ್ಜ ಅಜ್ಜಿಯರು ಬೇಸಿಗೆ ರಜೆಯ ಹದಿನೈದು ದಿನಗಳ ಪರಿಚಯ. ಮುದುಕರು ಮುದುಕರಾಗಿಯೇ ಹುಟ್ಟಿದವರೆಂದು ಅವರು ತಿಳಿದರೆ ಅದು ಅವರ ತಪ್ಪಲ್ಲ. ಆ ಮುಖದೊಳಗೆ ಒಬ್ಬ ಎಂಟು ವರ್ಷದ ಹುಡುಗ ಇಂದಿಗೂ ತಲೆ ವಾಲಿಸಿ ಆಲಿಸುತ್ತಿದ್ದಾನೆಂದು ತೋರಿಸಬೇಕಾದವರು ಕಥೆ ಹೇಳುವ, ಚಿತ್ರ ಬರೆಯುವ, ಬಣ್ಣ ಹಚ್ಚುವ ನಾವು. ಹತ್ತು ರೂಪಾಯಿಯ ಹತ್ತಿಯ ಗಡ್ಡ ಅಂಟಿಸಿ ಆ ಹೊಣೆಯಿಂದ ನುಣುಚಿಕೊಂಡಾಗ ಮಗು "ಇವನು ಬೇರೆ" ಎನ್ನುತ್ತದೆ. ಅದು ನಿಜವನ್ನೇ ಹೇಳುತ್ತಿದೆ.